ಫಾಲ್ಸ್ ಸೀಲಿಂಗ್ ಮೇಲೆ ಅಡಗಿ ಕುಳಿತ ಸೆಕೆ

ಕಲಬುರಗಿಯ ಒಂದು ಮನೆ. ಕೆಳಗೆ ಎರಡು ಕೋಣೆ, ಅಡುಗೆಮನೆ. ಮೇಲೆ ಹನ್ನೆರಡು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಒಂದು ಮಲಗುವ ಕೋಣೆ ಮತ್ತು ಸಣ್ಣ ಹಾಲ್. ಮಗಳ ನಿಕಾಹ್‌ಗೆ ಮುಂಚೆ, ಅಳಿಯ ಬಂದರೆ ಉಳಿಯಲು ಚೆನ್ನಾಗಿರಲಿ ಎಂದು ಆ ಮೇಲಿನ ಕೋಣೆಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿಸಿದರು. ನಡುವೆ ಚೌಕಾಕಾರದ ವಿನ್ಯಾಸ, ಸುತ್ತ ಎಲ್‌ಇಡಿ ದೀಪಗಳು. “ಇದನ್ನು ಹಾಕಿದರೆ ಕೋಣೆ ತಂಪಾಗಿಯೂ ಇರುತ್ತದೆ” ಎಂದು ಕೆಲಸದವರು ಹೇಳಿದ್ದರು. ಕೆಲಸ ನಡೆದದ್ದು ಡಿಸೆಂಬರ್‌ನಲ್ಲಿ. ಆ ಮಾತನ್ನು ಪರೀಕ್ಷಿಸುವಂತಹ ಬಿಸಿಲು ಆಗ ಇರಲಿಲ್ಲ.

ನಿಕಾಹ್ ಆದ ಮರುವರ್ಷ ಮಾರ್ಚ್‌ನಲ್ಲಿ ಮಗಳು ಹೆರಿಗೆಗೆ ತವರಿಗೆ ಬಂದಳು. ಬಾತ್‌ರೂಮ್ ಹೊಂದಿಕೊಂಡೇ ಇರುವುದರಿಂದ ಬಾಣಂತಿಗೂ ಮಗುವಿಗೂ ಅದೇ ಕೋಣೆ ಕೊಟ್ಟರು. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಮಗುವಿನ ಕುತ್ತಿಗೆ, ಬೆನ್ನಿನ ತುಂಬ ಬೆವರುಗುಳ್ಳೆ. ರಾತ್ರಿ ಹನ್ನೆರಡಾದರೂ ಅಳು ನಿಲ್ಲುತ್ತಿರಲಿಲ್ಲ.

“ಅಮ್ಮೀ, ನಮಗೆ ಕೆಳಗೇ ಹಾಸಿಕೊಡು. ಮೇಲೆ ಮಗು ಮಲಗೋದೇ ಇಲ್ಲ” ಎಂದಳು ಮಗಳು.

“ಅಷ್ಟು ದುಡ್ಡು ಹಾಕಿ ಸೀಲಿಂಗ್ ಮಾಡಿಸಿದ್ದು ತಂಪಾಗಲಿ ಅಂತಲೇ ಅಲ್ಲವಾ ಬೇಟಿ?” ಎಂದರು ತಂದೆ. ಅವರಿಗೆ ನಂಬಲಾಗಲಿಲ್ಲ. ಹಗಲು ಹೋಗಿ ನೋಡಿದಾಗ ಕೋಣೆ ಅಷ್ಟೇನೂ ಬಿಸಿ ಎನಿಸಿರಲಿಲ್ಲ.

ತಂದೆಯೂ ಮಗಳೂ ಹೇಳಿದ್ದು ನಿಜವೇ. ಹಗಲು ಪರವಾಗಿಲ್ಲ, ರಾತ್ರಿ ಸುಡುತ್ತದೆ. ಬಿಸಿಲಿಗೆ ಕಾದ ಸ್ಲ್ಯಾಬಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿದ ಎಷ್ಟೋ ಮನೆಗಳ ಕಥೆ ಇದು. ಏಕೆ ಹೀಗಾಗುತ್ತದೆ, ಏನು ಮಾಡಿದರೆ ಸರಿಯಾಗುತ್ತದೆ ಎಂಬುದನ್ನು ಈ ಒಂದು ಮನೆಯನ್ನೇ ಹಿಡಿದು ನೋಡೋಣ.

ಥರ್ಮಾಮೀಟರ್ ಹೇಳಿದ್ದು

ಕಟ್ಟಡ ಕೆಲಸದ ಉಸ್ತುವಾರಿ ನೋಡುವ ಮಗಳ ಮಾಮೂ ಒಂದು ದಿನ ಮಗುವನ್ನು ನೋಡಲು ಬಂದರು. ವಿಷಯ ಕೇಳಿ ಮರುದಿನ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದರು. ಫ್ರಿಜ್ಜಿನ ಉಷ್ಣತೆ ನೋಡಲು ಬಳಸುವಂಥದ್ದು, ಉದ್ದನೆಯ ತಂತಿಯ ತುದಿಯಲ್ಲಿ ಸೆನ್ಸರ್ ಇರುತ್ತದೆ. ಮೇನ್ ಸ್ವಿಚ್ ಆರಿಸಿ, ಸೀಲಿಂಗಿನ ಒಂದು ದೀಪವನ್ನು ಬಿಚ್ಚಿ, ಆ ರಂಧ್ರದಿಂದ ತಂತಿಯನ್ನು ಮೇಲಿನ ಪೊಳ್ಳು ಜಾಗಕ್ಕೆ ಬಿಟ್ಟರು. ಇನ್ನೊಂದು ಸಾಮಾನ್ಯ ಥರ್ಮಾಮೀಟರ್ ಮಂಚದ ಪಕ್ಕದಲ್ಲಿ.

ಮಧ್ಯಾಹ್ನ ಮೂರಕ್ಕೆ ಹೊರಗೆ 42 ಡಿಗ್ರಿ, ಕೋಣೆಯಲ್ಲಿ 38, ಸೀಲಿಂಗ್ ಮೇಲಿನ ಪೊಳ್ಳಿನಲ್ಲಿ 42. ಸಂಜೆ ಏಳಕ್ಕೆ ಹೊರಗೆ ಬಿಸಿಲು ಇಳಿದಿತ್ತು, ಆದರೆ ಕೋಣೆಯಲ್ಲಿ 39, ಪೊಳ್ಳಿನಲ್ಲಿ 46. ರಾತ್ರಿ ಹನ್ನೊಂದಕ್ಕೆ ಹೊರಗೆ 33, ಕೋಣೆಯಲ್ಲಿ ಇನ್ನೂ 37, ಪೊಳ್ಳಿನಲ್ಲಿ 42.

ಹೊರಗಿನ ಗಾಳಿ ಒಂಬತ್ತು ಡಿಗ್ರಿ ತಣ್ಣಗಾದರೂ ಕೋಣೆ ಒಂದೇ ಡಿಗ್ರಿ ಇಳಿದಿತ್ತು. ತಲೆಯ ಮೇಲೆ ಒಂದು ಬಿಸಿ ಪೆಟ್ಟಿಗೆ ಮುಚ್ಚಿಕೊಂಡು ಕುಳಿತಿತ್ತು. ನಿಮ್ಮ ಮನೆಯಲ್ಲೂ ಅನುಮಾನವಿದ್ದರೆ ಇದೇ ಪರೀಕ್ಷೆ ಮಾಡಿ. ಹಗಲಿನ ಅಳತೆಗಿಂತ ಸಂಜೆ ಏಳು ಮತ್ತು ರಾತ್ರಿ ಹನ್ನೊಂದರ ಅಳತೆ ಮುಖ್ಯ.

ಸ್ಲ್ಯಾಬ್ ತಡವಾಗಿ ಕಾಯುತ್ತದೆ, ತಡವಾಗಿ ಆರುತ್ತದೆ

ನಮ್ಮ ಮನೆಗಳ ಆರ್‌ಸಿಸಿ ಸ್ಲ್ಯಾಬ್ ಸಾಮಾನ್ಯವಾಗಿ ನಾಲ್ಕರಿಂದ ಐದು ಅಂಗುಲ ದಪ್ಪ. ಕಾಂಕ್ರೀಟ್ ಶಾಖವನ್ನು ಸುಲಭವಾಗಿ ಸಾಗಿಸುತ್ತದೆ, ಜೊತೆಗೆ ಬಹಳಷ್ಟನ್ನು ತನ್ನೊಳಗೆ ತುಂಬಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ತೆರೆದ ಮಾಳಿಗೆಯ ಮೇಲ್ಮೈ 60 ಡಿಗ್ರಿಯವರೆಗೂ ಹೋಗಬಹುದು. ಕಲಬುರಗಿ ಕಡೆ ಮಾಳಿಗೆಗೆ ಶಹಾಬಾದ್ ಕಲ್ಲು ಹಾಸುವ ರೂಢಿಯಿದೆ. ಗಟ್ಟಿ ಕಲ್ಲು, ಆದರೆ ಬಣ್ಣ ಮಾಸಲು, ಬಿಸಿಲನ್ನು ಹೀರುತ್ತದೆ. ಬರಿಗಾಲಲ್ಲಿ ಮಾಳಿಗೆಗೆ ಬಟ್ಟೆ ತೆಗೆಯಲು ಹೋದವರಿಗೆ ಇದು ಗೊತ್ತು.

ಈ ಶಾಖ ಸ್ಲ್ಯಾಬಿನ ತಳ ಮುಟ್ಟಲು ಮೂರು-ನಾಲ್ಕು ಗಂಟೆ ಬೇಕು. ಆದ್ದರಿಂದ ಮಧ್ಯಾಹ್ನ ಎರಡರ ಬಿಸಿಲು ಕೋಣೆಗೆ ಇಳಿಯುವುದು ಸಂಜೆ ಆರರ ಸುಮಾರಿಗೆ. ಆಮೇಲೆ ತುಂಬಿಕೊಂಡ ಶಾಖ ನಡುರಾತ್ರಿಯವರೆಗೂ ಇಳಿಯುತ್ತಲೇ ಇರುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ತೊಲೆಗಳ ಮೇಲೆ ಒಂದು ಅಡಿಗೂ ಹೆಚ್ಚು ದಪ್ಪ ಮಣ್ಣು ಇರುತ್ತಿತ್ತು. ಅಷ್ಟು ದಪ್ಪವನ್ನು ದಾಟುವಷ್ಟರಲ್ಲಿ ಬಿಸಿಲಿನ ಜೋರು ಬಹುಪಾಲು ಅಡಗುತ್ತಿತ್ತು. ಐದು ಅಂಗುಲದ ಕಾಂಕ್ರೀಟ್‌ಗೆ ಆ ಗುಣವಿಲ್ಲ.

ಬಿಸಿ ಚಾವಣಿಯ ತೊಂದರೆ ಗಾಳಿ ಬಿಸಿಯಾಗುವುದರಿಂದ ಮಾತ್ರವಲ್ಲ. ಕೆಂಡದ ಮುಂದೆ ಕುಳಿತಾಗ ನಡುವಿನ ಗಾಳಿ ತಣ್ಣಗಿದ್ದರೂ ಮುಖ ಸುಡುತ್ತದಲ್ಲವೇ, ಹಾಗೆಯೇ ಬಿಸಿ ಚಾವಣಿ ಕೆಳಗೆ ಮಲಗಿದ ಮೈಗೆ ನೇರವಾಗಿ ಶಾಖ ಹರಿಸುತ್ತದೆ. ಅಂಗಾತ ಮಲಗಿದಾಗ ಇಡೀ ಮೈ ಚಾವಣಿಗೆ ಎದುರಾಗಿರುತ್ತದೆ. ಹಗಲಿನ ಸೆಕೆಯಿಂದ ದಣಿದ ದೇಹ ರಾತ್ರಿ ತಣ್ಣಗಾಗಿ ಸುಧಾರಿಸಿಕೊಳ್ಳಬೇಕು. ಚಾವಣಿ ಅದಕ್ಕೆ ಬಿಡುವು ಕೊಡುವುದಿಲ್ಲ. ಹಸುಗೂಸಿಗೆ ಬೆವರಿ ಮೈ ತಣ್ಣಗಾಗಿಸಿಕೊಳ್ಳುವ ಶಕ್ತಿ ಕಡಿಮೆ. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಮಗುವಿಗೆ ಬಟ್ಟೆ ಸುತ್ತಿ ಮಲಗಿಸುವ ನಮ್ಮ ರೂಢಿ ಇಂತಹ ಕೋಣೆಯಲ್ಲಿ ಅಪಾಯವನ್ನು ಹೆಚ್ಚಿಸುತ್ತದೆ. ಮಗು ಬಿಸಿಯಾಗಿ ಕೆಂಪಾಗಿದ್ದರೆ, ಮಂಕಾಗಿ ಹಾಲು ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ ಅದನ್ನು ಬರೀ ಸೆಕೆ ಎಂದು ಬಿಡದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಸೀಲಿಂಗ್ ಹಾಕಿದ ಮೇಲೆ ಕೆಟ್ಟದ್ದೇನು?

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಫಾಲ್ಸ್ ಸೀಲಿಂಗ್ ಶಾಖವನ್ನು ಸ್ವಲ್ಪ ತಡೆಯುತ್ತದೆ. ಅರ್ಧ ಅಂಗುಲದ ಜಿಪ್ಸಮ್ ಹಲಗೆ ತಾನಾಗಿ ತಡೆಯುವುದು ಅತ್ಯಲ್ಪ. ಅದರ ಮೇಲಿನ ಮುಚ್ಚಿದ ಗಾಳಿಯ ಪದರ ಅದಕ್ಕಿಂತ ಹೆಚ್ಚು ತಡೆಯುತ್ತದೆ. ಮಧ್ಯಾಹ್ನ ಕೋಣೆ ‘ಅಷ್ಟೇನೂ ಬಿಸಿಯಿಲ್ಲ’ ಎಂದು ತಂದೆಗೆ ಅನಿಸಿದ್ದು ಇದರಿಂದಲೇ. ಆದರೆ ಅದೇ ಸೀಲಿಂಗ್ ಈ ಕೋಣೆಯಿಂದ ಮೂರು ಸೌಕರ್ಯಗಳನ್ನು ಕಿತ್ತುಕೊಂಡಿತ್ತು.

ಮೊದಲನೆಯದು ವೆಂಟಿಲೇಟರ್. ಸ್ಲ್ಯಾಬಿನ ಎತ್ತರ ನೆಲದಿಂದ ಹತ್ತು ಅಡಿ. ಗೋಡೆಯ ಮೇಲ್ಭಾಗದಲ್ಲಿ ಎರಡು ಸಣ್ಣ ಗವಾಕ್ಷಿಗಳಿದ್ದವು. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತಿತ್ತು. ಹೊಸ ಸೀಲಿಂಗ್ ಎಂಟು ಅಡಿ ಹತ್ತು ಅಂಗುಲಕ್ಕೆ ಇಳಿದಾಗ ಅವೆರಡೂ ಅದರ ಮೇಲೆ ಉಳಿದವು. ಧೂಳು ಬರದಿರಲೆಂದು ಅವುಗಳಿಗೆ ಹೊರಗಿನಿಂದ ಹಲಗೆಯನ್ನೂ ಹೊಡೆದಿದ್ದರು. ಈಗ ಕೋಣೆಯ ಬಿಸಿ ಗಾಳಿಗೂ ದಾರಿಯಿಲ್ಲ, ಪೊಳ್ಳಿನ ಬಿಸಿ ಗಾಳಿಗೂ ದಾರಿಯಿಲ್ಲ.

ಎರಡನೆಯದು ರಾತ್ರಿಯ ತಂಪು. ಮೊದಲು ರಾತ್ರಿ ಕಿಟಕಿ ತೆರೆದರೆ ತಣ್ಣನೆಯ ಗಾಳಿ ಸ್ಲ್ಯಾಬಿನ ತಳಕ್ಕೆ ತಾಗಿ ಅದರ ಬಿಸಿಯನ್ನು ಎಳೆದುಕೊಂಡು ಹೋಗುತ್ತಿತ್ತು, ಫ್ಯಾನು ಅದಕ್ಕೆ ನೆರವಾಗುತ್ತಿತ್ತು. ಈಗ ಕೋಣೆಯ ಗಾಳಿ ಸ್ಲ್ಯಾಬನ್ನು ಮುಟ್ಟುವುದೇ ಇಲ್ಲ. ಪೊಳ್ಳಿನಲ್ಲಿ ಸಿಕ್ಕಿಕೊಂಡ ಶಾಖ ಜಿಪ್ಸಮ್ ಮೂಲಕ ಬೆಳಗಿನ ಜಾವದವರೆಗೆ ನಿಧಾನವಾಗಿ ಇಳಿಯುತ್ತದೆ.

ಮೂರನೆಯದು ಫ್ಯಾನು. ಸೀಲಿಂಗ್ ಕೆಳಗಿಳಿದ ಮೇಲೂ ಹಳೆಯ ಸಣ್ಣ ರಾಡನ್ನೇ ಬಳಸಿದ್ದರು. ರೆಕ್ಕೆಗಳಿಗೂ ಸೀಲಿಂಗಿಗೂ ನಡುವೆ ನಾಲ್ಕೇ ಅಂಗುಲ ಅಂತರ. ಫ್ಯಾನು ಮೇಲಿನಿಂದ ಗಾಳಿ ಎಳೆದುಕೊಂಡು ಕೆಳಗೆ ತಳ್ಳುತ್ತದೆ. ಮೇಲೆ ಜಾಗವಿಲ್ಲದಿದ್ದರೆ ಅದು ತಿರುಗುತ್ತದೆ, ಗಾಳಿ ಬರುವುದಿಲ್ಲ. ರೆಕ್ಕೆ ಸೀಲಿಂಗಿನಿಂದ ಹತ್ತು-ಹನ್ನೆರಡು ಅಂಗುಲ ಕೆಳಗಿರಬೇಕು, ನೆಲದಿಂದ ಎಂಟು ಅಡಿಯಾದರೂ ಮೇಲಿರಬೇಕು. ಎರಡೂ ಸಿಗದಷ್ಟು ತಗ್ಗಾದ ಕೋಣೆಯಾದರೆ ಫಾಲ್ಸ್ ಸೀಲಿಂಗಿನ ಯೋಚನೆಯನ್ನೇ ಬಿಡುವುದು ಮೇಲು. ಫ್ಯಾನಿನ ಭಾರ ಯಾವಾಗಲೂ ಸ್ಲ್ಯಾಬಿನ ಕೊಂಡಿಯ ಮೇಲೆಯೇ ಇರಬೇಕು, ಜಿಪ್ಸಮ್ ಚೌಕಟ್ಟಿನ ಮೇಲೆ ಎಂದೂ ಬೇಡ.

ಒಂದು ಸರಳ ಲೆಕ್ಕ

ಮಾಮೂ ಒಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಕೋಣೆಯ ಚಾವಣಿ 168 ಚದರ ಅಡಿ. ಬಿಸಿಲಿನ ಹೊತ್ತಿನಲ್ಲಿ ಮಾಳಿಗೆಯ ಬಿಸಿಗೂ ಕೋಣೆಯ ಬಿಸಿಗೂ ಸುಮಾರು 20 ಡಿಗ್ರಿ ವ್ಯತ್ಯಾಸ ಎಂದು ಇಟ್ಟುಕೊಳ್ಳೋಣ. ಆಗ ಬರೀ ಸ್ಲ್ಯಾಬಿನ ಮೂಲಕ ಇಳಿಯುವ ಶಾಖ ಸುಮಾರು 1,100 ವ್ಯಾಟ್. ಒಂದು ಸಾಧಾರಣ ಇಸ್ತ್ರಿ ಪೆಟ್ಟಿಗೆಯನ್ನು ಕೋಣೆಯಲ್ಲಿ ಸತತವಾಗಿ ಉರಿಸಿಟ್ಟ ಹಾಗೆ. ಜಿಪ್ಸಮ್ ಸೀಲಿಂಗ್ ಹಾಕಿದರೆ ಅದು ಸುಮಾರು 600 ವ್ಯಾಟ್‌ಗೆ ಇಳಿಯುತ್ತದೆ. ಅದೇ ಸೀಲಿಂಗ್ ಮೇಲೆ ಎರಡು ಅಂಗುಲ ದಪ್ಪದ ಗ್ಲಾಸ್ ವುಲ್ ಹಾಸಿದರೆ 175 ವ್ಯಾಟ್ ಸುಮಾರು. ಇದರ ಬದಲು ಸ್ಲ್ಯಾಬಿನ ಮೇಲೆ, ಮಾಳಿಗೆಯಲ್ಲಿ ಎರಡು ಅಂಗುಲದ ಎಕ್ಸ್‌ಪಿಎಸ್ ಫೋಮ್ ಹಲಗೆ ಹಾಸಿದರೆ 150 ವ್ಯಾಟ್ ಹತ್ತಿರ.

ಶಾಖ ಸ್ಥಿರವಾಗಿ ಹರಿಯುತ್ತದೆ ಎಂದು ಹಿಡಿದ ಲೆಕ್ಕ ಇದು. ನಿಜದಲ್ಲಿ ಗಂಟೆಗೊಮ್ಮೆ ಬದಲಾಗುತ್ತದೆ. ಆದರೆ ಅನುಪಾತ ಸ್ಪಷ್ಟ. ಸೀಲಿಂಗ್ ಒಂದೇ ಆದರೆ ಶಾಖ ಅರ್ಧದಷ್ಟು ಉಳಿಯುತ್ತದೆ, ಜೊತೆಗೆ ಗಾಳಿ ಮತ್ತು ಫ್ಯಾನು ಕೈಬಿಡುತ್ತವೆ. ನಿಜವಾದ ಶಾಖ ನಿರೋಧಕದ ಪದರ ಸೇರಿದರೆ ಆರು-ಏಳರಲ್ಲಿ ಒಂದು ಪಾಲು ಮಾತ್ರ ಇಳಿಯುತ್ತದೆ. ಕೇಂದ್ರ ಸರಕಾರ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ತಂದ ‘ಇಕೋ ನಿವಾಸ್ ಸಂಹಿತಾ’ ಚಾವಣಿಯಿಂದ ಇಳಿಯುವ ಶಾಖಕ್ಕೆ ಒಂದು ಮಿತಿ ಹೇಳುತ್ತದೆ. ಚಾವಣಿಯ ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್. ಬರೀ ಸ್ಲ್ಯಾಬಿನದ್ದು ಸುಮಾರು 3.5, ಜಿಪ್ಸಮ್ ಸೇರಿದರೆ 1.9. ಅಂದರೆ ಸೀಲಿಂಗ್ ಹಾಕಿದ ಮೇಲೂ ನಮ್ಮ ಕೋಣೆ ಆ ಮಿತಿಯೊಳಗೆ ಬರುವುದಿಲ್ಲ. ನಿರೋಧಕ ಹಾಕಿದರೆ ಅದರ ಅರ್ಧಕ್ಕಿಂತ ಕೆಳಗೆ ಬರುತ್ತದೆ.

ಮೊದಲು ಸುಣ್ಣ

ದೊಡ್ಡ ಕೆಲಸಕ್ಕೆ ಕೈಹಾಕುವ ಮುನ್ನ ಆ ವಾರವೇ ಮೂರು ಸಣ್ಣ ಕೆಲಸ ಮಾಡಿದರು. ಬಾಣಂತಿ, ಮಗುವನ್ನು ಕೆಳಗಿನ ಕೋಣೆಗೆ ತಂದರು. ಫ್ಯಾನಿಗೆ ಉದ್ದದ ರಾಡ್ ಹಾಕಿಸಿದರು. ಮಾಳಿಗೆಯನ್ನು ಗುಡಿಸಿ ತೊಳೆದು, ಗಟ್ಟಿಯಾಗಿ ಅಂಟಲು ಸ್ವಲ್ಪ ಗೋಂದು ಬೆರೆಸಿದ ಬಿಳಿ ಸುಣ್ಣವನ್ನು ಎರಡು ಸಲ ಬಳಿದರು.

ಬಿಳಿ ಮೇಲ್ಮೈ ಬಿಸಿಲಿನ ಹೆಚ್ಚು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಮಾಸಲು ಕಲ್ಲಿಗೆ ಹೋಲಿಸಿದರೆ ಮಧ್ಯಾಹ್ನ ಮೇಲ್ಮೈ ಹದಿನೈದು ಡಿಗ್ರಿಯಷ್ಟು ತಣ್ಣಗಿರಬಹುದು. ಒಂದು ವಾರದ ಮೇಲೆ ರಾತ್ರಿ ಹನ್ನೊಂದಕ್ಕೆ ಪೊಳ್ಳಿನ ಉಷ್ಣತೆ 42ರಿಂದ 38ಕ್ಕೆ ಇಳಿದಿತ್ತು. ಬಾಡಿಗೆ ಮನೆಯಲ್ಲಿರುವವರು, ಹೆಚ್ಚು ಖರ್ಚು ಮಾಡಲಾಗದವರು ಮನೆಯ ಮಾಲೀಕರ ಒಪ್ಪಿಗೆ ಪಡೆದು ಇಷ್ಟನ್ನಾದರೂ ಮಾಡಬಹುದು. ಆದರೆ ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಧೂಳು ಕುಳಿತರೆ ಬಿಳುಪು ಹೋಗಿ ಪರಿಣಾಮವೂ ಹೋಗುತ್ತದೆ. ಪ್ರತಿವರ್ಷ ಫೆಬ್ರುವರಿ-ಮಾರ್ಚ್‌ನಲ್ಲಿ ಮತ್ತೆ ಬಳಿಯಬೇಕು. ಶಾಖ ಪ್ರತಿಫಲಿಸುವ ಬಿಳಿ ಪೇಂಟು ಹೆಚ್ಚು ಕಾಲ ಬಾಳುತ್ತದೆ, ಆದರೆ ಅದನ್ನೂ ಬೇಸಿಗೆಗೆ ಮುನ್ನ ತೊಳೆಯಬೇಕು.

ನಿರೋಧಕ ಎಲ್ಲಿ ಹಾಕಬೇಕು?

ಮುಂದಿನ ಪ್ರಶ್ನೆ ಇದು. ಸೀಲಿಂಗ್ ಮೇಲೆಯೋ, ಸ್ಲ್ಯಾಬ್ ಮೇಲೆಯೋ? ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಸೀಲಿಂಗ್ ಮೇಲೆ ಹಾಸಿದರೆ ಕೋಣೆಗೆ ಶಾಖ ಇಳಿಯದು, ಆದರೆ ಸ್ಲ್ಯಾಬ್ ಮೊದಲಿನಂತೆಯೇ ಕಾಯುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ ಬಿರುಕು ಬಿಡುತ್ತದೆ. ಪೊಳ್ಳು ಇನ್ನಷ್ಟು ಬಿಸಿಯಾಗುತ್ತದೆ. ಅಲ್ಲಿರುವ ವಿದ್ಯುತ್ ತಂತಿಗಳೂ ಎಲ್‌ಇಡಿ ದೀಪಗಳ ಡ್ರೈವರ್ ಪೆಟ್ಟಿಗೆಗಳೂ ಆ ಬಿಸಿಯಲ್ಲೇ ಬೇಯುತ್ತವೆ. ಸ್ಲ್ಯಾಬಿನ ಮೇಲೆ ಹಾಸಿದರೆ ಬಿಸಿಲು ಕಾಂಕ್ರೀಟನ್ನು ಮುಟ್ಟುವ ಮೊದಲೇ ನಿಲ್ಲುತ್ತದೆ. ಸ್ಲ್ಯಾಬ್ ತಣ್ಣಗಿರುತ್ತದೆ, ಪೊಳ್ಳೂ ತಣ್ಣಗಿರುತ್ತದೆ.

ಈ ಮನೆಯವರಿಗೆ ಇನ್ನೊಂದು ಕಾರಣವೂ ಇತ್ತು. ಈಗಾಗಲೇ ಮುಚ್ಚಿದ ಜಿಪ್ಸಮ್ ಸೀಲಿಂಗಿನ ಮೇಲೆ ಗ್ಲಾಸ್ ವುಲ್ ಹಾಸುವುದು ಸುಲಭವಲ್ಲ. ಒಂದು ಅಡಿ ಎತ್ತರದ ಪೊಳ್ಳಿನಲ್ಲಿ ಮನುಷ್ಯ ಓಡಾಡಲಾಗದು, ಆ ಚೌಕಟ್ಟು ಮನುಷ್ಯನ ಭಾರ ಹೊರುವುದೂ ಇಲ್ಲ. ಹಲಗೆಗಳನ್ನು ಕಿತ್ತು ಮತ್ತೆ ಹಾಕಬೇಕು. ಮನೆ ಸ್ವಂತದ್ದು, ಮಾಳಿಗೆ ಕೈಯಲ್ಲಿದೆ. ಹೀಗಾಗಿ ಮೇಲಿನಿಂದಲೇ ಮಾಡುವುದೆಂದು ನಿರ್ಧಾರವಾಯಿತು.

ಮಾಳಿಗೆಯ ಕೆಲಸ ನಡೆದ ಬಗೆ

ಮಳೆಗಾಲ ಮುಗಿದು ನವೆಂಬರ್ ಬರುವವರೆಗೆ ಕಾದರು. ಮೊದಲು ನೀರಿನ ಪರೀಕ್ಷೆ. ನೀರು ಹೋಗುವ ಪೈಪಿನ ಬಾಯಿ ಮುಚ್ಚಿ, ಮಾಳಿಗೆಯಲ್ಲಿ ಎರಡು ಅಂಗುಲ ನೀರು ಎರಡು ದಿನ ನಿಲ್ಲಿಸಿದರು. ಪೈಪಿನ ಮೂಲೆಯಲ್ಲಿ ಕೆಳಗೆ ತೇವ ಕಾಣಿಸಿತು. ಅದನ್ನು ಬಿಡಿಸಿ ಸರಿಪಡಿಸಿ, ಇಡೀ ಸ್ಲ್ಯಾಬಿಗೆ ವಾಟರ್‌ಪ್ರೂಫ್ ಲೇಪನ ಹಾಕಿ ಮತ್ತೆ ಪರೀಕ್ಷಿಸಿದರು. ಈ ಹಂತವನ್ನು ಬಿಟ್ಟರೆ ಮುಂದೆ ಸೋರಿಕೆ ಎಲ್ಲಿದೆ ಎಂದು ಹುಡುಕಲು ಮೇಲಿನದೆಲ್ಲ ಒಡೆಯಬೇಕಾಗುತ್ತದೆ.

ಅದರ ಮೇಲೆ ಎರಡು ಅಂಗುಲದ ಎಕ್ಸ್‌ಪಿಎಸ್ ಹಲಗೆಗಳು. ಇವು ಥರ್ಮಾಕೋಲಿನ ದಾಯಾದಿಗಳಂತೆ ಕಂಡರೂ ಬೇರೆ. ಥರ್ಮಾಕೋಲ್ ಮಣಿಮಣಿಯಾಗಿ ಉದುರುತ್ತದೆ, ನೀರು ಹೀರುತ್ತದೆ, ಭಾರಕ್ಕೆ ಕುಸಿಯುತ್ತದೆ. ಎಕ್ಸ್‌ಪಿಎಸ್ ಒತ್ತಾಗಿದ್ದು, ನೀರು ಹೀರುವುದು ಬಹಳ ಕಡಿಮೆ, ಮೇಲೆ ಕಾಂಕ್ರೀಟ್ ಹಾಕಿ ಓಡಾಡಿದರೂ ತಡೆಯುತ್ತದೆ. ಕೊಳ್ಳುವಾಗ ಸಾಂದ್ರತೆ ಕೇಳಿ, ಘನ ಮೀಟರಿಗೆ 32 ಕಿಲೋಗೆ ಕಡಿಮೆಯದು ಮಾಳಿಗೆಗೆ ಬೇಡ. ಹಲಗೆಗಳ ಅಂಚು ಒಂದರೊಳಗೊಂದು ಕೂರುವಂತಿದ್ದು, ಇಟ್ಟಿಗೆ ಕಟ್ಟುವಂತೆ ಸಂದುಗಳನ್ನು ತಪ್ಪಿಸಿ ಜೋಡಿಸಬೇಕು. ಸಂದು ಬಿಟ್ಟಲ್ಲೆಲ್ಲ ಶಾಖ ಇಳಿಯುತ್ತದೆ.

ಹಲಗೆಗಳ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಕೋಳಿ ಜಾಲರಿ ಇಟ್ಟು ಎರಡು ಅಂಗುಲದ ಕಾಂಕ್ರೀಟ್. ನೂರು ಅಡಿಗೆ ಒಂದು ಅಡಿಯಂತೆ ಪೈಪಿನ ಕಡೆಗೆ ವಾಟ. ಇಡೀ ಮಾಳಿಗೆಯನ್ನು ಒಂದೇ ಹಾಸಾಗಿ ಹಾಕದೆ ಚೌಕ ಚೌಕವಾಗಿ ಬಿಟ್ಟು ಹಾಕಿದರು, ಇಲ್ಲದಿದ್ದರೆ ಬಿಸಿಲಿಗೆ ಬಿರುಕು ಬಿಡುತ್ತದೆ. ಕೊನೆಗೆ ಬಿಳಿ ಟೈಲ್ಸ್. ಎಕ್ಸ್‌ಪಿಎಸ್ ಹಲಗೆಯನ್ನು ಬಿಸಿಲಿಗೆ ತೆರೆದಿಡಬಾರದು, ಅದು ಪುಡಿಯಾಗಿ ಹಾಳಾಗುತ್ತದೆ.

ಎರಡು ವಿಷಯಗಳನ್ನು ಮೊದಲೇ ಯೋಚಿಸಬೇಕು. ಎರಡು ಅಂಗುಲದ ಕಾಂಕ್ರೀಟ್ ಒಂದು ಚದರ ಮೀಟರಿಗೆ ಸುಮಾರು 120 ಕಿಲೋ ಭಾರ ಸೇರಿಸುತ್ತದೆ. ಈ ಮನೆಯಲ್ಲಿ ಹಳೆಯ ಶಹಾಬಾದ್ ಕಲ್ಲನ್ನೂ ಅದರ ಗಾರೆಯನ್ನೂ ಕಿತ್ತಿದ್ದರಿಂದ ಆ ಭಾರ ಸರಿದೂಗಿತು. ಸ್ಲ್ಯಾಬ್ ಹಳೆಯದಾಗಿದ್ದರೆ, ತಳದ ಪ್ಲಾಸ್ಟರ್ ಉದುರುತ್ತಿದ್ದರೆ, ಕಬ್ಬಿಣ ಕಾಣುತ್ತಿದ್ದರೆ ಎಂಜಿನಿಯರ್‌ಗೆ ತೋರಿಸದೆ ಭಾರ ಹೇರಬೇಡಿ. ಎರಡನೆಯದು, ಮಾಳಿಗೆಯ ನೆಲ ನಾಲ್ಕೈದು ಅಂಗುಲ ಏರುತ್ತದೆ. ಪ್ಯಾರಾಪಿಟ್ ಗೋಡೆ ಅಷ್ಟೇ ಗಿಡ್ಡವಾಗುತ್ತದೆ. ಗಾಳಿಪಟ ಹಾರಿಸುವ ಮಕ್ಕಳಿರುವ ಮನೆಯಲ್ಲಿ ಅದು ಮೂರೂವರೆ ಅಡಿ ಎತ್ತರ ಉಳಿದಿದೆಯೇ ನೋಡಿ. ಮೆಟ್ಟಿಲಿನ ಬಾಗಿಲ ಹೊಸ್ತಿಲೂ ತಗ್ಗಾಗಿ ಮಳೆನೀರು ಒಳಬರದಂತೆ ಎತ್ತರಿಸಬೇಕು.

ಮಾಳಿಗೆ ನಿಮ್ಮದಲ್ಲದಿದ್ದರೆ

ಅಪಾರ್ಟ್‌ಮೆಂಟಿನ ಕೊನೆಯ ಅಂತಸ್ತಿನಲ್ಲಿರುವವರಿಗೆ ಮಾಳಿಗೆ ಮುಟ್ಟುವ ಅವಕಾಶ ಇರುವುದಿಲ್ಲ. ಅವರು ಒಳಗಿನಿಂದಲೇ ಮಾಡಬೇಕು. ಹೊಸದಾಗಿ ಸೀಲಿಂಗ್ ಹಾಕಿಸುವುದಾದರೆ ಚೌಕಟ್ಟು ಕಟ್ಟಿದ ಮೇಲೆ, ಹಲಗೆ ಮುಚ್ಚುತ್ತಾ ಹೋಗುವಾಗಲೇ ಎರಡು ಅಂಗುಲದ ಗ್ಲಾಸ್ ವುಲ್ ಅಥವಾ ರಾಕ್ ವುಲ್ ಹಾಸಿಸಿ. ಇವು ಬೆಂಕಿಗೆ ಉರಿಯುವುದಿಲ್ಲ. ಭಾರವೂ ಹೆಚ್ಚಲ್ಲ, ಗ್ಲಾಸ್ ವುಲ್ ಚದರ ಮೀಟರಿಗೆ ಒಂದೂಕಾಲು ಕಿಲೋ ಆಸುಪಾಸು. ಆದರೆ ಚೌಕಟ್ಟು ಕಟ್ಟುವವರಿಗೆ ಮೊದಲೇ ಹೇಳಿರಬೇಕು. ಒಂದು ಮುಖಕ್ಕೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದಾದರೆ ಹೊಳೆಯುವ ಮುಖ ಮೇಲಕ್ಕೆ, ಸ್ಲ್ಯಾಬಿನ ಕಡೆಗಿರಲಿ. ನಡುವೆ ಗಾಳಿಯ ಜಾಗವಿದ್ದರೆ ಮಾತ್ರ ಅದು ಸ್ಲ್ಯಾಬಿನ ಶಾಖವನ್ನು ಹಿಂದಕ್ಕೆ ಎಸೆಯುತ್ತದೆ, ಅಂಟಿಕೊಂಡಿದ್ದರೆ ಇಲ್ಲ.

ಗ್ಲಾಸ್ ವುಲ್‌ನ ಸಣ್ಣ ನಾರುಗಳು ಚರ್ಮಕ್ಕೆ ತುರಿಕೆ, ಗಂಟಲಿಗೆ ಕೆರೆತ ತರುತ್ತವೆ. ಹೊದಿಕೆ ಸುತ್ತಿದ ತುಂಡುಗಳನ್ನೇ ಬಳಸಬೇಕು. ಹಾಸುವವರು ಮಾಸ್ಕ್, ಕೈಗವಸು ಹಾಕಿರಬೇಕು. ಆ ದಿನ ಮಕ್ಕಳು, ದಮ್ಮಿನ ತೊಂದರೆ ಇರುವವರು ಮನೆಯಲ್ಲಿ ಬೇಡ. ಸೀಲಿಂಗಿನೊಳಗೆ ಹುದುಗಿಸುವ ದೀಪಗಳ ಮೇಲೆ ಅದನ್ನು ಮುಚ್ಚಬಾರದು, ಸುತ್ತ ಮೂರು ಅಂಗುಲ ಬಿಡಬೇಕು. ಹಾಗೆ ಬಿಟ್ಟ ಪ್ರತಿ ರಂಧ್ರದಿಂದಲೂ ಶಾಖ ಇಳಿಯುವುದರಿಂದ ಹನ್ನೆರಡು ದೀಪಗಳ ಬದಲು ಮೇಲ್ಮೈಗೆ ಅಂಟಿಸುವ ಎರಡು ದೀಪ ಸಾಕು. ಖರ್ಚು ಉಳಿಸಲು ಪೊಳ್ಳಿನಲ್ಲಿ ಥರ್ಮಾಕೋಲ್ ಹಾಕಿಸಬೇಡಿ, ತಂತಿಯ ಒಂದು ಕಿಡಿ ಬಿದ್ದರೂ ಅದು ಕರಗಿ ಉರಿಯುತ್ತದೆ. ವೆಂಟಿಲೇಟರ್‌ಗಳು ಸೀಲಿಂಗ್ ಮೇಲೆ ಸಿಕ್ಕಿಕೊಂಡಿದ್ದರೆ ಅವನ್ನು ಮುಚ್ಚಬೇಡಿ. ಇಲಿ, ಹಕ್ಕಿ ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿ ಹಾಕಿ ತೆರೆದಿಟ್ಟರೆ ಪೊಳ್ಳಿನ ಬಿಸಿ ಗಾಳಿಗೆ ದಾರಿಯಾಗುತ್ತದೆ.

ಪಿವಿಸಿ ಹಲಗೆಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಅವು ಅಗ್ಗ, ನೀರಿಗೆ ಕೆಡುವುದಿಲ್ಲ, ಒರೆಸಬಹುದು. ಆದರೆ ತೆಳ್ಳಗಿನ ಪ್ಲಾಸ್ಟಿಕ್. ಕಾದ ಸ್ಲ್ಯಾಬಿನ ಕೆಳಗೆ ವರ್ಷಗಟ್ಟಲೆ ಇದ್ದರೆ ಮೆತ್ತಗಾಗಿ ನಡುವೆ ಜೋತುಬೀಳುತ್ತವೆ, ಸಂದು ಬಿಡುತ್ತವೆ. ಅವುಗಳ ಮೇಲೆ ನೇರವಾಗಿ ಏನನ್ನೂ ಹಾಸಬಾರದು, ನಿರೋಧಕವನ್ನು ಸ್ಲ್ಯಾಬಿನ ತಳಕ್ಕೆ ಅಥವಾ ಬೇರೆ ತಂತಿ ಜಾಲರಿಗೆ ಬಿಗಿಯಬೇಕು. ಬೆಂಕಿ ತಾಗಿದರೆ ಪಿವಿಸಿ ಕಣ್ಣು, ಶ್ವಾಸಕೋಶವನ್ನು ಸುಡುವ ಆಮ್ಲದ ಹೊಗೆ ಬಿಡುತ್ತದೆ. ಒಲೆಯ ಮೇಲ್ಭಾಗದಲ್ಲಿ ಅದು ಬೇಡ.

ಕಣ್ಣಿಗೆ ಕಾಣದ ತೇವ

ಸೀಲಿಂಗ್ ಸ್ಲ್ಯಾಬನ್ನು ಕಣ್ಣಿಂದ ಮರೆಮಾಡುತ್ತದೆ ಎಂಬುದೂ ನೆನಪಿರಲಿ. ಸೋರಿಕೆ ಇದ್ದರೆ ಜಿಪ್ಸಮ್ ಮೇಲೆ ಹಳದಿ ಕಲೆ ಮೂಡಿ ಉಬ್ಬುತ್ತದೆ, ಅಷ್ಟಾದರೂ ಗೊತ್ತಾಗುತ್ತದೆ. ಪಿವಿಸಿಯಲ್ಲಿ ನೀರು ಮೇಲೆಯೇ ನಿಂತು ಏನೂ ಕಾಣಿಸದು. ಕತ್ತಲೆ, ಬೆಚ್ಚಗಿನ ತೇವದಲ್ಲಿ ಬೂಷ್ಟು ಬೆಳೆಯುತ್ತದೆ, ಅದರ ಕಣಗಳು ಅಲರ್ಜಿ, ದಮ್ಮು ಕೆರಳಿಸುತ್ತವೆ. ನೆನೆದ ಗ್ಲಾಸ್ ವುಲ್ ಶಾಖ ತಡೆಯುವ ಗುಣವನ್ನೂ ಕಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಎಸಿ ಹಾಕಿದ ಕೋಣೆಗಳಲ್ಲಿ ಸೋರಿಕೆ ಇಲ್ಲದೆಯೂ ಹೀಗಾಗಬಹುದು. ಪೊಳ್ಳಿಗೆ ನುಗ್ಗಿದ ತೇವದ ಗಾಳಿ ತಣ್ಣನೆಯ ಹಲಗೆಗೆ ತಾಗಿ ಹನಿಯಾಗುತ್ತದೆ. ಮೇಲ್ಮುಖದಲ್ಲಿ ಹಾಳೆ ಇರುವ, ಸಂದುಗಳಿಗೆ ಟೇಪ್ ಹಚ್ಚಿದ ನಿರೋಧಕ ಇದನ್ನು ತಡೆಯುತ್ತದೆ. ಯಾವ ಸೀಲಿಂಗ್ ಆದರೂ ಎರಡಡಿ ಚೌಕದ ಒಂದು ತೆರೆಯುವ ಬಾಗಿಲು ಇರಲಿ. ವರ್ಷಕ್ಕೆರಡು ಸಲ, ಮಳೆಗಾಲದ ನಡುವೆ ಮತ್ತು ಬೇಸಿಗೆಗೆ ಮುನ್ನ, ಟಾರ್ಚ್ ಹಿಡಿದು ನೋಡಿ. ತೇವ, ಇಲಿ ಹಿಕ್ಕೆ, ಕಚ್ಚಿದ ತಂತಿ ಎಲ್ಲವೂ ಆಗಲೇ ಕಾಣುತ್ತವೆ.

ಮರುವರ್ಷದ ಏಪ್ರಿಲ್

ಮಾಮೂ ಮತ್ತೆ ಅದೇ ಥರ್ಮಾಮೀಟರ್ ತಂದರು. ಹೊರಗೆ ಹಿಂದಿನ ವರ್ಷದಷ್ಟೇ ಬಿಸಿಲು. ಸಂಜೆ ಏಳಕ್ಕೆ ಪೊಳ್ಳಿನಲ್ಲಿ 46 ಇದ್ದದ್ದು ಈಗ 37, ಕೋಣೆಯಲ್ಲಿ 36. ಕಿಟಕಿಗಳನ್ನು ಹಗಲು ಮುಚ್ಚಿ, ಸೂರ್ಯ ಮುಳುಗಿದ ಮೇಲೆ ತೆರೆದಿಟ್ಟಾಗ ರಾತ್ರಿ ಹನ್ನೊಂದಕ್ಕೆ ಕೋಣೆ 34ಕ್ಕೆ ಬಂದಿತ್ತು, ಹೊರಗಿನದಕ್ಕಿಂತ ಒಂದೇ ಡಿಗ್ರಿ ಹೆಚ್ಚು. ಪಶ್ಚಿಮದ ಗೋಡೆ ಮಾತ್ರ ಇನ್ನೂ ಸಂಜೆಗೆ ಕಾಯುತ್ತದೆ. ಅದಕ್ಕೆ ಚಾವಣಿಯ ಕೆಲಸದಿಂದ ಪರಿಹಾರವಿಲ್ಲ, ಹೊರಗೆ ನೆರಳು ಬೇಕು.

34 ಡಿಗ್ರಿ ಎಂದರೆ ತಂಪೇನಲ್ಲ. ಆದರೆ ಫ್ಯಾನಿನ ಗಾಳಿಗೆ ಬೆವರು ಆರಿ ನಿದ್ದೆ ಹತ್ತುವಂತಹ ಬಿಸಿ ಅದು. ರಜೆಗೆ ಬಂದ ಮಗಳು ಈ ಬಾರಿ ಕೆಳಗೆ ಹಾಸಿಕೊಡು ಎನ್ನಲಿಲ್ಲ. ಒಂದು ವರ್ಷದ ಮಗು ಹತ್ತು ಗಂಟೆಗೆಲ್ಲ ಮೇಲಿನ ಕೋಣೆಯಲ್ಲಿ ಮಲಗಿತ್ತು. ತಂದೆಗೆ ಉಳಿದದ್ದು ಒಂದೇ ಬೇಸರ: “ಡಿಸೆಂಬರ್‌ನಲ್ಲಿ ಸೀಲಿಂಗಿಗೆ ಮೊದಲು ಮಾಳಿಗೆ ಮಾಡಿಸಿದ್ದರೆ, ಸೀಲಿಂಗ್ ಬೇಕೇ ಇರಲಿಲ್ಲ.”